5000 ಪಟ್ಟು, ಆದರೆ ಯಾವುದರ?

ಹೊಸ ಸ್ಲಾಟ್ ಆಟ ತೆರೆದವರ ಕಣ್ಣು ಪೇಟೇಬಲ್‌ನಲ್ಲಿ ಮೊದಲು ಹೋಗುವುದು ಅತಿ ದೊಡ್ಡ ಸಂಖ್ಯೆಯ ಮೇಲೆ. ಸ್ವೀಡನ್ನಿನ ಪ್ಲೇಎನ್ ಗೋ ಕಂಪನಿಯ ‘ಬುಕ್ ಆಫ್ ಡೆಡ್’ನಲ್ಲಿ ಅದು 5000. ಟೊಪ್ಪಿ ಹಾಕಿದ ಸಾಹಸಿಯ ಮುಖ ಒಂದೇ ಸಾಲಿನಲ್ಲಿ ಐದು ಬಂದರೆ ಸಿಗುವ ಪಟ್ಟು ಅದು. ಯಾವುದರ ಪಟ್ಟು ಎಂಬಲ್ಲೇ ಓದು ಎಡವುವುದು. ಭಾರತದಲ್ಲಿ 2025ರ ಕಾಯ್ದೆ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದೆ. ಹಾಗಾಗಿ ಲೆಕ್ಕ ಯೂರೊದಲ್ಲೇ ಇರಲಿ.

ಈ ಆಟದಲ್ಲಿ ಹತ್ತು ಸಾಲುಗಳಿವೆ. ಸಾಲಿಗೆ ಒಂದು ಯೂರೊ ಕಟ್ಟಿದರೆ ಒಂದು ಸುತ್ತಿಗೆ ಹತ್ತು ಯೂರೊ. ಆ 5000 ಸಾಲಿನ ಒಂದು ಯೂರೊಗೆ ಅನ್ವಯಿಸುವುದರಿಂದ, ನೀವು ಕಟ್ಟಿದ ಒಟ್ಟು ಹಣಕ್ಕೆ ಅದು 500 ಪಟ್ಟು ಮಾತ್ರ. ಪೇಟೇಬಲ್‌ನ ಕೆಳಗಿನ ಸಾಲುಗಳನ್ನು ಹೀಗೇ ಓದಿದರೆ ಇನ್ನೂ ಕಿರಿಕಿರಿ. ಮೂರು J ಕೂಡಿದರೆ ಐದು ಪಟ್ಟು, ಅಂದರೆ ಐದು ಯೂರೊ. ಪರದೆ ಮಿನುಗುತ್ತದೆ, ಸಂಗೀತ ಮೊಳಗುತ್ತದೆ, ಜೇಬಿನಿಂದ ಐದು ಯೂರೊ ಹೋಗಿರುತ್ತದೆ!

ಸ್ಕ್ಯಾಟರ್‌ನ ಲೆಕ್ಕ ಬೇರೆ. ಇಲ್ಲಿ ಪುಸ್ತಕವೇ ವೈಲ್ಡ್, ಪುಸ್ತಕವೇ ಸ್ಕ್ಯಾಟರ್. ವೈಲ್ಡ್ ಆಗಿ ಅದು ಸಾಲಿನಲ್ಲಿ ಬೇರೆ ಚಿತ್ರದ ಜಾಗ ತುಂಬುತ್ತದೆ. ಸ್ಕ್ಯಾಟರ್ ಆಗಿ ಸಾಲಿನ ಹಂಗಿಲ್ಲದೆ ಎಲ್ಲಿ ಬಿದ್ದರೂ ಎಣಿಕೆಗೆ ಬರುತ್ತದೆ, ಅದರ ಪಟ್ಟು ಒಟ್ಟು ಪಣದ ಮೇಲೆ. ಮೂರು ಪುಸ್ತಕಕ್ಕೆ ಎರಡು ಪಟ್ಟು, ಅಂದರೆ ಇಪ್ಪತ್ತು ಯೂರೊ. ಜೊತೆಗೆ ಹತ್ತು ಉಚಿತ ಸುತ್ತು. ನೋಡಲು ಚಿಕ್ಕದಾದ 2, ದೊಡ್ಡದಾಗಿ ಕಾಣುವ 5ರ ನಾಲ್ಕರಷ್ಟು ಕೊಟ್ಟಿತು.

ಉಚಿತ ಸುತ್ತಿಗೆ ಮುನ್ನ ಆಟ ಒಂದು ಚಿತ್ರವನ್ನು ಆರಿಸುತ್ತದೆ. ಆ ಚಿತ್ರ ಬಿದ್ದ ರೀಲು ಪೂರ್ತಿ ಅದರಿಂದಲೇ ತುಂಬುತ್ತದೆ, ಆ ರೀಲುಗಳು ಪಕ್ಕಪಕ್ಕದಲ್ಲಿ ಇರಬೇಕಿಲ್ಲ. J ಆಯ್ಕೆಯಾದರೆ ಮೂರು ರೀಲು ಬೇಕು. ಹತ್ತೂ ಸಾಲಿಗೆ ಸೇರಿ ಐವತ್ತು ಯೂರೊ. ಸಾಹಸಿಗೆ ಎರಡೇ ರೀಲು ಸಾಕು, ಆಗಲೇ ನೂರು. ಪೇಟೇಬಲ್‌ನ ನಿಜವಾದ ತಿರುಳು ಇರುವುದು ಇಲ್ಲೇ, ಆದರೂ ಅದನ್ನು ಒಂದು ಪುಟ್ಟ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದಾರೆ.

ಮಲ್ಟಿಪ್ಲೈಯರ್ ಇಲ್ಲಿಲ್ಲ. ಅದು ಬೇಕಿದ್ದರೆ ಪ್ರಾಗ್ಮ್ಯಾಟಿಕ್ ಪ್ಲೇಯ ‘ಗೇಟ್ಸ್ ಆಫ್ ಒಲಿಂಪಸ್’ ನೋಡಿ. ಅಲ್ಲಿ 5x, 10x ಎರಡೂ ಬಿದ್ದರೆ ಐವತ್ತು ಎಂದು ಹಿಗ್ಗುವವರುಂಟು. ನಿಯಮದ ಪ್ರಕಾರ ಅವನ್ನು ಕೂಡಬೇಕು, ಹದಿನೈದು. ಗೆಲುವಿಲ್ಲದ ಸುತ್ತಿನಲ್ಲಿ ಬಿದ್ದರೆ ಅದೂ ಇಲ್ಲ.

ಎಷ್ಟು ಸಿಗುತ್ತದೆ ಎಂದು ಹೇಳುವ ಈ ಕೋಷ್ಟಕ, ಎಷ್ಟು ಸಲಕ್ಕೊಮ್ಮೆ ಎಂದು ಹೇಳುವುದಿಲ್ಲ. ಅದು ದೊಡ್ಡ ಕೊರತೆ. ‘ಬುಕ್ ಆಫ್ ಡೆಡ್’ ಶೇ. 96.21ರಷ್ಟು ಹಣ ಹಿಂತಿರುಗಿಸುವ ರೂಪದಲ್ಲೂ ಇದೆ, ಶೇ. 87.25ರ ರೂಪದಲ್ಲೂ ಇದೆ. ಎರಡರಲ್ಲೂ ಚಿತ್ರಗಳ ಬೆಲೆ ಒಂದೇ. ಯಾವುದು ನಿಮ್ಮ ಮುಂದಿದೆ ಎಂಬುದು ತಿಳಿಯಬೇಕಾದರೆ ಚಿತ್ರಗಳ ಪುಟ ದಾಟಿ, ನಿಯಮಗಳ ಸಣ್ಣ ಅಕ್ಷರಗಳಲ್ಲಿ RTP ಎಂಬ ಸಾಲನ್ನು ಹುಡುಕಬೇಕು.