ಫಾಲೋಆನ್ ಹೇರಿದವರು ಯಾರು?

2001ರ ಮಾರ್ಚ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಆಸ್ಟ್ರೇಲಿಯಾ ಮೊದಲ ಇನಿಂಗ್ಸ್‌ನಲ್ಲಿ 445 ರನ್ ಗಳಿಸಿತು. ಭಾರತ 171ಕ್ಕೆ ಆಲೌಟಾಯಿತು. ಮುಂದೆ ನಡೆದದ್ದನ್ನು ನಮ್ಮ ಕ್ರೀಡಾಪುಟಗಳ ಕನ್ನಡದಲ್ಲಿ ಎರಡು ಬಗೆಯಾಗಿ ಹೇಳಬಹುದು. ‘ಭಾರತ ಫಾಲೋಆನ್‌ಗೆ ಸಿಲುಕಿತು’ ಎನ್ನುವುದು ಒಂದು. ‘ನಾಯಕ ಸ್ಟೀವ್ ವಾ ಭಾರತದ ಮೇಲೆ ಫಾಲೋಆನ್ ಹೇರಿದರು’ ಎನ್ನುವುದು ಇನ್ನೊಂದು. ಎರಡರಲ್ಲೂ ಫಾಲೋಆನ್ ಎಂಬ ಪದ ಇದ್ದಂತೆಯೇ ಇದೆ, ಕ್ರಿಯಾಪದ ಮಾತ್ರ ಬೇರೆ. ಆದರೆ ಆಟದ ನಿಯಮವನ್ನು ಸರಿಯಾಗಿ ಹೇಳುವುದು ಎರಡನೆಯ ವಾಕ್ಯ.

ಫಾಲೋಆನ್ ತಾನಾಗಿ ಬಂದು ಬೀಳುವುದಿಲ್ಲ. ಐದು ದಿನಗಳ ಪಂದ್ಯದಲ್ಲಿ ಮೊದಲು ಆಡಿದ ತಂಡಕ್ಕೆ 200 ರನ್ ಮುನ್ನಡೆ ಸಿಕ್ಕರೆ, ಎದುರಾಳಿಯನ್ನು ಕೂಡಲೇ ಮತ್ತೆ ಬ್ಯಾಟ್ ಮಾಡಿಸುವ ಹಕ್ಕು ಅದರ ನಾಯಕನಿಗೆ ಬರುತ್ತದೆ. ಹಕ್ಕು ಚಲಾಯಿಸುವುದೂ ಬಿಡುವುದೂ ಅವನ ಇಷ್ಟ. ತನ್ನ ಬೌಲರ್‌ಗಳು ದಣಿದಿದ್ದಾರೆ, ಪಿಚ್ ಕೊನೆಯ ದಿನ ಒಡೆಯುತ್ತದೆ ಎನಿಸಿದರೆ ತಾನೇ ಮತ್ತೆ ಬ್ಯಾಟಿಂಗ್‌ಗೆ ಇಳಿಯಬಹುದು. ಆದ್ದರಿಂದ ‘ಸಿಲುಕಿತು’, ‘ಗುರಿಯಾಯಿತು’ ಎಂದು ಬರೆದಾಗ ಆ ನಿರ್ಧಾರ ಮರೆಯಾಗಿ, ಸೋತು ನಿಂತ ತಂಡ ಮಾತ್ರ ಕಾಣುತ್ತದೆ. ‘ಹೇರು’ ಎಂಬ ಕ್ರಿಯಾಪದವನ್ನು ಇಲ್ಲಿ ಬಳಕೆಗೆ ತಂದವರು ಯಾರೋ, ಅವರ ಕಿವಿ ದೊಡ್ಡದು. ಹೊರೆ ಹೇರುವಲ್ಲೂ ತೆರಿಗೆ ಹೇರುವಲ್ಲೂ ಒಬ್ಬ ಹೇರುವವನು, ಒಬ್ಬ ಹೊರುವವನು ಇರಲೇಬೇಕು. ಇಂಗ್ಲಿಷಿನ ಹೆಸರನ್ನು ಮುಟ್ಟದೆ ನಿಯಮವನ್ನು ಕನ್ನಡಕ್ಕೆ ತಂದದ್ದು ಈ ಒಂದು ಕ್ರಿಯಾಪದ.

ಅಂಕಿಯಲ್ಲಿಯೂ ಕನ್ನಡ ವರದಿ ಮತ್ತೆ ಮತ್ತೆ ಎಡವುವ ಒಂದು ಜಾಗವಿದೆ. ‘200ಕ್ಕಿಂತ ಹೆಚ್ಚು ಮುನ್ನಡೆ ಇದ್ದರೆ ಫಾಲೋಆನ್’ ಎಂದು ಬರೆಯುತ್ತಾರೆ. ನಿಯಮದಲ್ಲಿ ಸರಿಯಾಗಿ 200 ಇದ್ದರೂ ಸಾಕು. ಹಾಗಾಗಿ ಕೋಲ್ಕತ್ತದಲ್ಲಿ 445ರ ಎದುರು ಪಾರಾಗಲು ಭಾರತಕ್ಕೆ 246 ಬೇಕಿತ್ತು, 245 ಸಾಲುತ್ತಿರಲಿಲ್ಲ. ನಾಲ್ಕು ದಿನಗಳ ರಣಜಿ ಪಂದ್ಯಕ್ಕೆ ಈ ಅಂತರ 150ಕ್ಕೆ ಇಳಿಯುತ್ತದೆ. ಟೆಸ್ಟ್‌ನ ಮೊದಲ ದಿನವಿಡೀ ಮಳೆಗೆ ಆಹುತಿಯಾದರೂ ಅಷ್ಟೇ. ಪಂದ್ಯದ ಬಿಸಿಯಲ್ಲಿ ‘ಇನ್ನು ಎಷ್ಟು ರನ್ ಬೇಕು’ ಎಂದು ಕೇಳುಗನಿಗೆ ಹೇಳಬೇಕಾದ ವೀಕ್ಷಕ ವಿವರಣೆಗಾರನಿಗೆ ಒಂದು ರನ್ನಿನ ಈ ವ್ಯತ್ಯಾಸ ಸಣ್ಣದಲ್ಲ.

ವಾ ಅವರ ನಿರ್ಧಾರದ ಫಲ ಎಲ್ಲರಿಗೂ ಗೊತ್ತಿದೆ. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ಇಬ್ಬರ ನಡುವೆ 376 ರನ್, ನಾಲ್ಕನೆಯ ದಿನವಿಡೀ ಒಂದು ವಿಕೆಟ್ಟೂ ಬೀಳಲಿಲ್ಲ. ಭಾರತ 171 ರನ್‌ಗಳಿಂದ ಗೆದ್ದಿತು. ಆ 376ನ್ನು ಕನ್ನಡ ಪತ್ರಿಕೆಗಳು ‘ಜೊತೆಯಾಟ’ ಎಂದು ಕರೆದವು. ಈ ಪದವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಂಗ್ಲಿಷಿನ ಪದ ಅಂಗಡಿ ವ್ಯವಹಾರದ ಪಾಲುದಾರಿಕೆಗೂ ಸಲ್ಲುತ್ತದೆ. ಜೊತೆಯಾಟ ಆಟಕ್ಕೆ ಮಾತ್ರ ಸಲ್ಲುತ್ತದೆ, ಮೊದಲ ಸಲ ಕೇಳಿದವರಿಗೂ ಅರ್ಥವಾಗುತ್ತದೆ. ವಿಕೆಟ್ಟಿಗೆ ‘ಹುದ್ದರಿ’ ಎಂದವರ ಉದ್ದೇಶವೂ ಒಳ್ಳೆಯದೇ. ಆದರೆ ಅದನ್ನು ಕೇಳಿದವರು ಮನಸ್ಸಿನಲ್ಲಿ ಮತ್ತೆ ವಿಕೆಟ್ ಎಂದು ತಿರುಗಿಸಿಕೊಳ್ಳಬೇಕಿತ್ತು, ಅಷ್ಟರಲ್ಲಿ ಮುಂದಿನ ಎಸೆತ ಬಂದುಬಿಡುತ್ತಿತ್ತು. ಆ ಪದ ಮೈದಾನಕ್ಕೆ ಇಳಿಯಲೇ ಇಲ್ಲ.

ಮೇಡನ್ ಓವರ್‌ನದು ಬೇರೆ ಕಷ್ಟ. ಅದರ ಮೂಲಾರ್ಥವನ್ನು ಕನ್ನಡಿಸಹೋದರೆ ಕನ್ಯೆಯ ಮಾತು ಬಂದು ಆಟವೇ ಕಾಣೆಯಾಗುತ್ತದೆ. ಅದಕ್ಕೇ ಬಿಡಿಸಿ ಹೇಳುವ ದಾರಿ ಹಿಡಿದವರು ಹೆಚ್ಚು. ‘ರನ್‌ರಹಿತ ಓವರ್’ ಎಂದರೆ ಓದಲು ಚೊಕ್ಕ, ಅರ್ಥದಲ್ಲಿ ತಪ್ಪು. ಓವರಿನಲ್ಲಿ ಚೆಂಡು ವಿಕೆಟ್‌ಕೀಪರ್‌ನ ಕೈತಪ್ಪಿ ಬೌಂಡರಿಗೆ ಹೋಗಿ ನಾಲ್ಕು ಬೈ ಬಂದರೂ ಅದು ಮೇಡನ್ನೇ. ಲೆಗ್‌ಬೈ ಬಂದರೂ ಹಾಗೆಯೇ. ಆ ರನ್ ತಂಡದ ಮೊತ್ತಕ್ಕೆ ಸೇರುತ್ತದೆ, ಬೌಲರ್‌ನ ಲೆಕ್ಕಕ್ಕಲ್ಲ. ಒಂದು ವೈಡ್ ಅಥವಾ ನೋಬಾಲ್ ಬಿದ್ದರೆ ಮಾತ್ರ, ಬ್ಯಾಟ್‌ನಿಂದ ರನ್ ಬಾರದಿದ್ದರೂ, ಮೇಡನ್ ಕೈತಪ್ಪುತ್ತದೆ. ಆದ್ದರಿಂದ ‘ರನ್ ಇಲ್ಲದ ಓವರ್’ ಅಲ್ಲ, ‘ರನ್ ಬಿಟ್ಟುಕೊಡದ ಓವರ್’ ಎನ್ನಬೇಕು. 1964ರಲ್ಲಿ ಮದ್ರಾಸಿನಲ್ಲಿ ಬಾಪೂ ನಾಡಕರ್ಣಿ ಇಂಗ್ಲೆಂಡ್ ವಿರುದ್ಧ ಸತತ 21 ಮೇಡನ್ ಹಾಕಿದರು. ಆ ಇನಿಂಗ್ಸ್‌ನಲ್ಲಿ ಅವರ ಲೆಕ್ಕ 32 ಓವರ್, 27 ಮೇಡನ್, 5 ರನ್. ವಿಕೆಟ್ ಒಂದೂ ಇಲ್ಲ. ‘ಬಿಟ್ಟುಕೊಡದ’ ಎಂದಾಗ ಅಷ್ಟು ಹೊತ್ತು ಒಂದೇ ಜಾಗಕ್ಕೆ ಚೆಂಡು ಹಾಕುತ್ತಿದ್ದ ಮನುಷ್ಯನ ಹಟ ಕೇಳಿಸುತ್ತದೆ. ‘ರನ್‌ರಹಿತ’ದಲ್ಲಿ ಅದು ಕೇಳಿಸದು.

ಗೂಗ್ಲಿ ಮಾತ್ರ ಕನ್ನಡದ್ದೇ ಆಗಿಹೋಗಿದೆ. ಯಶ್ ನಟಿಸಿದ 2013ರ ಸಿನಿಮಾಕ್ಕೆ ಅದೇ ಹೆಸರು, ಅನಿರೀಕ್ಷಿತ ಪ್ರಶ್ನೆ ಕೇಳಿದವನೂ ಗೂಗ್ಲಿ ಹಾಕಿದವನೇ. ಈ ಜನಪ್ರಿಯತೆಯಿಂದಲೇ ವಿವರಣೆಗೆ ತೊಂದರೆ. ಬ್ಯಾಟರ್‌ನನ್ನು ಮೋಸಗೊಳಿಸಿದ ಯಾವ ಚೆಂಡನ್ನಾದರೂ ಗೂಗ್ಲಿ ಎಂದುಬಿಡುತ್ತಾರೆ. ಮೈಸೂರಿನ ಬಿ. ಎಸ್. ಚಂದ್ರಶೇಖರ್ 1971ರ ಓವಲ್ ಟೆಸ್ಟ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಕುಸಿಯಿತು. ಗೂಗ್ಲಿ ಅವರ ಮುಖ್ಯ ಅಸ್ತ್ರ ನಿಜ. ಆದರೆ ಅಂದು ಜಾನ್ ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಸ್ಟಂಪ್ ಹಾರಿಸಿದ್ದು ಅವರ ವೇಗದ ಎಸೆತ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಚಂದ್ರ ಅವರ ಕಲೆಯ ಅರ್ಧ ಕಳೆದುಹೋಗುತ್ತದೆ.

ಗೂಗ್ಲಿಯನ್ನು ಗುರುತಿಸಲು ನೋಡಬೇಕಾದದ್ದು ಮಣಿಕಟ್ಟನ್ನು. ಲೆಗ್‌ಬ್ರೇಕ್‌ನ ಭಂಗಿಯಲ್ಲೇ ಓಡಿ ಬಂದ ಬೌಲರ್, ಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಇನ್ನಷ್ಟು ತಿರುಚುತ್ತಾನೆ. ಅಂಗೈಯ ಹಿಂಬದಿ ಬ್ಯಾಟರ್‌ಗೆ ಕಾಣುತ್ತದೆ. ಹೊರಹೋಗಬೇಕೆಂದುಕೊಂಡ ಚೆಂಡು ಬಲಗೈ ಬ್ಯಾಟರ್‌ನ ಒಳಕ್ಕೆ ನುಗ್ಗುತ್ತದೆ. ಎಡಗೈಯವನಾದರೆ ಹೊರಕ್ಕೆ ಜಾರುತ್ತದೆ. ‘ಅದ್ಭುತ ಗೂಗ್ಲಿ!’ ಎಂದು ನಿಲ್ಲಿಸುವ ವಿವರಣೆ ಇದ್ಯಾವುದನ್ನೂ ಹೇಳುವುದಿಲ್ಲ. ನುಗ್ಗು, ಜಾರು, ತಿರುಚು, ಪುಟಿ, ಹೊರಳು ಎಂಬ ಕ್ರಿಯಾಪದಗಳು ನಮ್ಮಲ್ಲಿ ಧಾರಾಳವಾಗಿವೆ. ಚೆಂಡಿನ ನಡೆಗೆ ಅವು ಹೇಳಿ ಮಾಡಿಸಿದಂತಿವೆ.

ಐಪಿಎಲ್ ಪಂದ್ಯಗಳಿಗೆ ಟಿವಿಯಲ್ಲಿ ಬರುತ್ತಿರುವ ಕನ್ನಡ ವಿವರಣೆಯ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿಯೇ ಇದೆ. ಅದರಲ್ಲಿ ಇಂಗ್ಲಿಷ್ ಹೆಸರುಗಳು ತುಂಬಿವೆ ಎಂಬುದು ನನ್ನ ದೂರಲ್ಲ. ಕವರ್ಸ್, ಮಿಡ್‌ವಿಕೆಟ್, ಯಾರ್ಕರ್ ಎಲ್ಲ ಗಲ್ಲಿ ಕ್ರಿಕೆಟ್ಟಿನ ಹುಡುಗರ ಬಾಯಲ್ಲೂ ಇವೆ. ಆದರೆ ಕ್ರಿಯಾಪದಗಳೆಲ್ಲ ಅಳಿದು ‘ಮಾಡು’ ಒಂದೇ ಉಳಿಯುತ್ತಿದೆ. ಡ್ರೈವ್ ಮಾಡಿದ್ದಾರೆ, ಕಟ್ ಮಾಡಿದ್ದಾರೆ, ಟರ್ನ್ ಮಾಡಿದ್ದಾರೆ, ಮಿಸ್ ಮಾಡಿದ್ದಾರೆ. ಇದರಲ್ಲಿ ಹೊಡೆತದ ಬಿರುಸೂ ಇಲ್ಲ, ನಯವೂ ಇಲ್ಲ. ಅಟ್ಟಿದರು, ತಳ್ಳಿದರು, ತೂರಿಸಿದರು, ಕೆಣಕಿದರು, ತಡವರಿಸಿದರು ಎಂದಾಗ ಪ್ರತಿ ಹೊಡೆತಕ್ಕೂ ಅದರದೇ ತೂಕ ಬರುತ್ತದೆ.

ಇನ್ನೊಂದು ಸಮಸ್ಯೆ ವಾಕ್ಯದ ಕಟ್ಟಿನದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಆಫ್ ಸ್ಟಂಪಿನ ಹೊರಗೆ ಬಿದ್ದ ಚೆಂಡನ್ನು ಕವರ್ಸ್ ಮತ್ತು ಪಾಯಿಂಟ್ ನಡುವಿನಿಂದ ಬೌಂಡರಿಗೆ ಅಟ್ಟಿದರು’ ಎಂದು ಮುಗಿಸುವಷ್ಟರಲ್ಲಿ ಕ್ರೀಡಾಂಗಣದ ಕೂಗು ಮಾತನ್ನು ಮುಳುಗಿಸಿರುತ್ತದೆ. ಪತ್ರಿಕೆಗೆ ಒಪ್ಪುವ ಈ ವಾಕ್ಯ ನೇರ ವಿವರಣೆಗೆ ಒಪ್ಪದು. ಆಡುಗನ್ನಡದಲ್ಲಿ ಇದಕ್ಕೆ ಪರಿಹಾರ ಆಗಲೇ ಇದೆ: ‘ಹೊರಗೆ ಬಿತ್ತು ಚೆಂಡು. ಅಟ್ಟಿದರು! ಕವರ್ಸ್ ದಾಟಿತು, ಹಿಂದೆ ಓಡುತ್ತಿದ್ದಾರೆ, ಸಿಗಲಿಲ್ಲ, ನಾಲ್ಕು.’ ತುಂಡು ತುಂಡಾದ ವಾಕ್ಯಗಳು, ಪ್ರತಿಯೊಂದಕ್ಕೂ ಒಂದು ಕ್ರಿಯಾಪದ, ಚೆಂಡಿನ ಜೊತೆಗೇ ಓಡುವ ಮಾತು. ರೇಡಿಯೊ ಕೇಳುಗನಿಗೆ ಬೇರೆ ಚಿತ್ರವಿಲ್ಲದ್ದರಿಂದ ಅಲ್ಲಿ ಇದು ಅನಿವಾರ್ಯ. ಟಿವಿಯಲ್ಲಿ ಚಿತ್ರ ಇದೆಯೆಂಬ ಧೈರ್ಯದಿಂದ ಇದನ್ನು ಕೈಬಿಟ್ಟಿರುವುದು ನಷ್ಟ. ಚೆಂಡು ಎಲ್ಲಿಗೆ ಹೋಯಿತೆಂದು ಚಿತ್ರ ತೋರಿಸಬಹುದು. ಬ್ಯಾಟರ್ ಅದನ್ನು ಗುರುತಿಸಿ ಆಡಿದನೋ, ತಡವರಿಸಿ ಬದುಕಿಕೊಂಡನೋ ಎಂಬುದನ್ನು ವಿವರಣೆಗಾರನೇ ಹೇಳಬೇಕು.