ಮತ್ತೆ ಮತ್ತೆ ಬರುವ ಉರಿಮೂತ್ರಕ್ಕೆ ನಾಲ್ಕು ಮಾತ್ರೆ ಸಾಲದು

ಬಳ್ಳಾರಿಯ ಗಾಂಧಿನಗರವಿರಲಿ, ಸಿರುಗುಪ್ಪ, ಕುರುಗೋಡು ಇರಲಿ, ಹೆಣ್ಣುಮಕ್ಕಳಿಗೆ ಉರಿಮೂತ್ರ ಶುರುವಾದರೆ ಮನೆಯಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗೈತಿ, ಎಳನೀರು ಕುಡಿ’ ಎಂಬುದು. ಅದಕ್ಕೂ ಬಗ್ಗದಿದ್ದರೆ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ಬರುತ್ತವೆ. ಎರಡು ದಿನದಲ್ಲಿ ಉರಿ ಇಳಿಯುವುದರಿಂದ, ಸಂಭೋಗವಾದ ಮಾರನೆಯ ದಿನವೇ ಅದೇಕೆ ಮರಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ರೂಢಿಯ ದೊಡ್ಡ ದೋಷ ಇದೇ. ಹೆಚ್ಚಿನ ಸಲ ಸೋಂಕು ತರುವುದು ಹೆಣ್ಣಿನ ಕರುಳಿನಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ. ಆಕೆಯ ಮೂತ್ರನಾಳ ಸುಮಾರು 4 ಸೆಂ.ಮೀ. ಮಾತ್ರ ಉದ್ದ, ಗುದದ್ವಾರಕ್ಕೆ ಹತ್ತಿರ. ಸಂಭೋಗದ ವೇಳೆ ಬ್ಯಾಕ್ಟೀರಿಯಾ ಸುಲಭವಾಗಿ ಮೂತ್ರಕೋಶಕ್ಕೆ ಏರುತ್ತವೆ. ಇದು ಗಂಡನಿಂದ ಅಂಟಿದ ಲೈಂಗಿಕ ರೋಗವಲ್ಲ, ಹೆಂಡತಿಯ ಕೊಳಕುತನವೂ ಅಲ್ಲ. ಆ ಗುಮಾನಿಗಳೇ ಎಷ್ಟೋ ಹೆಂಗಸರನ್ನು ಡಾಕ್ಟರ ಹತ್ತಿರ ಹೋಗದಂತೆ ತಡೆಯುತ್ತವೆ.

ಸೋಂಕು ತಡೆಯಲು ಹೇಳುವ ಅಭ್ಯಾಸಗಳಲ್ಲಿ ಎಲ್ಲಕ್ಕೂ ಒಂದೇ ಬೆಲೆಯಿಲ್ಲ. ನೀರಿನ ಸಲಹೆಗೆ ಗಟ್ಟಿ ಆಧಾರವಿದೆ: 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರ ಪೈಕಿ ದಿನಕ್ಕೆ 1.5 ಲೀಟರ್ ಹೆಚ್ಚಿಗೆ ಕುಡಿದವರಿಗೆ ವರ್ಷಕ್ಕೆ ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ ಸೋಂಕು ಬಂತು. ವೀರ್ಯನಾಶಕ ಹಚ್ಚಿದ ಕಾಂಡೋಮ್, ಜೆಲ್ಲಿ ಬಿಡುವುದಕ್ಕೂ ಆಧಾರವಿದೆ. ಅವು ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಒಳಗೆಲ್ಲ ಸೋಪು ಹಾಕಿ ತೊಳೆಯುವುದರಿಂದಲೂ ಅದೇ ನಷ್ಟ. ಸಂಭೋಗದ ನಂತರ ಮೂತ್ರ ವಿಸರ್ಜಿಸುವುದಕ್ಕೆ ಸಿಕ್ಕ ಪುರಾವೆ ದುರ್ಬಲ. ತೊಂದರೆಯಿಲ್ಲ, ಮಾಡಬಹುದು, ಮಾಡಿಯೂ ಸೋಂಕು ಬಂದರೆ ಆಕೆಯನ್ನು ದೂರುವುದು ತಪ್ಪು.

ಆರು ತಿಂಗಳಲ್ಲಿ 2 ಅಥವಾ ವರ್ಷದಲ್ಲಿ 3 ಸಲ ಬಂದು, ಮೂತ್ರದ ಕಲ್ಚರ್‌ನಲ್ಲಿ ಖಚಿತವಾಗಿ, ಅಭ್ಯಾಸ ಬದಲಿಸಿದರೂ ನಿಲ್ಲದಿದ್ದಾಗ, ಸೋಂಕು ಮರಳದಂತೆ ಕಡಿಮೆ ಪ್ರಮಾಣದ ಆಂಟಿಬಯಾಟಿಕ್ ಕೊಡುವ ಪ್ರಶ್ನೆ ಬರುತ್ತದೆ. ಉರಿ ತಡೆಯಲಾಗದೆ ಇರುವಾಗ ಕಲ್ಚರ್‌ಗೆ ಎರಡು ಮೂರು ದಿನ ಕಾಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವೇ. ಆದರೆ ಕಾಯಬೇಕಿಲ್ಲ, ಮೊದಲ ಮಾತ್ರೆಗೆ ಮುಂಚೆ ಮೂತ್ರದ ಸ್ಯಾಂಪಲ್ ಕೊಟ್ಟರೆ ಸಾಕು. ಕೊಡದಿದ್ದರೆ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯುತ್ತದೆ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳು ಬಹಳಷ್ಟು ಇ. ಕೋಲಿಗೆ ನಾಟುತ್ತಿಲ್ಲ.

ಆಂಟಿಬಯಾಟಿಕ್ ತಿಂಗಳುಗಟ್ಟಲೆ ನುಂಗಿದರೆ ಬ್ಯಾಕ್ಟೀರಿಯಾ ಮೊಂಡಾಗುವುದಿಲ್ಲವೇ? ಆ ಭಯ ನಿಜ. ಆದ್ದರಿಂದಲೇ, ಸೋಂಕು ಸಂಭೋಗದ ಬೆನ್ನಿಗೇ ಬರುವವರಿಗೆ ದಿನಾ ಮಾತ್ರೆಗಿಂತ ಸಂಭೋಗದ ನಂತರ ಎರಡು ಗಂಟೆಯೊಳಗೆ ಒಂದೇ ಮಾತ್ರೆ ಲೇಸು. ಉದಾಹರಣೆಗೆ, ಡಾಕ್ಟರು ಬರೆದುಕೊಟ್ಟ 50 ಮಿ.ಗ್ರಾಂ. ನೈಟ್ರೋಫ್ಯುರಾಂಟಾಯಿನ್. ವಾರಕ್ಕೆ ಎರಡು ಸಲ ಎಂದಿಟ್ಟುಕೊಂಡರೆ ಆರು ತಿಂಗಳಿಗೆ ಸುಮಾರು 52 ಮಾತ್ರೆ. ದಿನಾ ನುಂಗಿದರೆ 180. ಗರ್ಭಿಣಿಯರಿಗೆ, ಕಿಡ್ನಿ ದುರ್ಬಲವಾದವರಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಜ್ವರ, ಚಳಿ, ಸೊಂಟದ ಪಕ್ಕ ನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಸೋಂಕು ತಡೆಯುವ ಮಾತ್ರೆಯನ್ನು ಆರು ತಿಂಗಳಾದ ಮೇಲೆ ನಿಲ್ಲಿಸಿ ನೋಡುತ್ತಾರೆ. ಹಲವರಿಗೆ ಸೋಂಕು ಮರಳುತ್ತದೆ. ಆಗ ಹಳೇ ಚೀಟಿ ಹಿಡಿದು ಅಂಗಡಿಗೆ ಹೋಗದೆ ಮತ್ತೆ ಕಲ್ಚರ್ ಮಾಡಿಸಬೇಕು.