ನೂರಕ್ಕೆ ನೂರು ತುಂಬಿದ ಅರೆಬರೆ ಕಡತ

ದಸರಾ ಮುಗಿದು ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೆ ಒಮ್ಮೆಲೇ ಆಳು ಬೇಕಾಗುತ್ತಾರೆ. ಸಮೀರವಾಡಿಯಿರಲಿ, ಹಿರೇಪಡಸಲಗಿಯಿರಲಿ, ಬಾಡಗಂಡಿಯಿರಲಿ, ಬಾಯ್ಲರ್‌ಗೆ ಬೆಂಕಿ ಬೀಳುವ ಮುನ್ನಿನ ಕೆಲವೇ ದಿನಗಳಲ್ಲಿ ಫಿಟ್ಟರ್‌ನಿಂದ ಹಿಡಿದು ಕಬ್ಬಿನ ಯಾರ್ಡಿನ ಕಾರಕೂನನವರೆಗೆ ಹೊಸಬರ ಕಾಗದಪತ್ರ ಟೈಮ್ ಆಫೀಸಿನ ಮೇಜಿಗೆ ಬಂದು ಬೀಳುತ್ತವೆ. ಇಂಥ ಕಡೆ ಬಳಕೆಯಾಗುವ ಹಾಳೆಯ ಸಾಮಾನ್ಯ ನಮೂನೆ ಒಂದೇ: ಎಡಕ್ಕೆ ಹೆಸರುಗಳು, ಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಫೋಟೊ, ಪಿಎಫ್‌ನ ಫಾರ್ಮ್ 11, ಗ್ರಾಚ್ಯುಟಿ ನಾಮನಿರ್ದೇಶನದ ಫಾರ್ಮ್ ಎಫ್, ವೈದ್ಯಕೀಯ ಪ್ರಮಾಣಪತ್ರ, ವಿಳಾಸದ ಪುರಾವೆ ಎಂಬ ಹತ್ತು ಕಾಲಂ. ಕಾಗದ ಬಂದರೆ ಒಂದು ಟಿಕ್, ಬಾರದಿದ್ದರೆ ಖಾಲಿ. ಕೊನೆಯಲ್ಲಿ ಶೇಕಡಾ ಲೆಕ್ಕ. ನನ್ನ ತಕರಾರು ಆ ಕೊನೆಯ ಕಾಲಂನ ಮೇಲೆ. ಅದು ಕಾಗದಗಳ ತಲೆ ಎಣಿಸುತ್ತದೆಯೇ ಹೊರತು, ಕಾಗದಗಳು ಒಂದಕ್ಕೊಂದು ಒಪ್ಪುತ್ತವೆಯೇ, ಯಾವುದು ಎಂದಿಗೆ ಬೇಕು ಎಂಬೆರಡನ್ನೂ ಕೇಳುವುದಿಲ್ಲ. ಹೊಸಬನ ಕಡತ ಪೂರ್ತಿಯಾಯಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದೇ ಆ ಎರಡು ಪ್ರಶ್ನೆಗಳಿಂದ.

ಇಬ್ಬರನ್ನು ಕಲ್ಪಿಸಿಕೊಂಡು ನೋಡೋಣ. ಒಬ್ಬ ಫಿಟ್ಟರ್, ಹೆಸರು ಶ್ರೀಶೈಲ ಎಂದಿಟ್ಟುಕೊಳ್ಳಿ. ಹತ್ತಕ್ಕೆ ಹತ್ತೂ ಕಾಗದ ಕೊಟ್ಟಿದ್ದಾನೆ, ಹಾಳೆಯಲ್ಲಿ ಅವನದು ನೂರಕ್ಕೆ ನೂರು. ಆದರೆ ಆಧಾರ್‌ನಲ್ಲಿ ಅವನ ಹೆಸರು SHRISHAIL, ಅಂಕಪಟ್ಟಿಯಲ್ಲಿ SHREESHAIL. ಆಧಾರ್‌ನಲ್ಲಿ ಹುಟ್ಟಿದ್ದು 1996ರ ಜನವರಿ 1, ಅಂಕಪಟ್ಟಿಯಲ್ಲಿ 1997ರ ಜೂನ್ 1. ಫಾರ್ಮ್ 11ರಲ್ಲಿ ಸಹಿ ಇದೆ, ಆದರೆ ಹಿಂದೆ ಪಿಎಫ್ ಸದಸ್ಯನಾಗಿದ್ದೆಯಾ ಎಂಬ ಪ್ರಶ್ನೆಯ ಮುಂದೆ ಏನೂ ಬರೆದಿಲ್ಲ. ಇನ್ನೊಬ್ಬ ಬಾಯ್ಲರ್ ಅಟೆಂಡೆಂಟ್. ಅವನ ಬಳಿ ಪ್ಯಾನ್ ಇಲ್ಲ, ಐಟಿಐ ಓದಿಲ್ಲ, ಫಾರ್ಮ್ ಎಫ್ ತುಂಬಿಲ್ಲ. ಹಾಳೆಯಲ್ಲಿ ಎಪ್ಪತ್ತು. ಆದರೆ ಬಾಯ್ಲರ್ ನೋಡಿಕೊಳ್ಳಲು ಕಾನೂನು ಕೇಳುವ ಸಾಮರ್ಥ್ಯ ಪ್ರಮಾಣಪತ್ರ ಅವನ ಕಿಸೆಯಲ್ಲಿದೆ. ಎಲ್ಲರಿಗೂ ಒಂದೇ ಪಟ್ಟಿ ಎಂದು ಮಾಡಿದ ಹಾಳೆಯಲ್ಲಿ ಆ ಪತ್ರಕ್ಕೆ ಕಾಲಂ ಇಲ್ಲವಷ್ಟೆ. ಇವನ ಹೆಸರು, ಜನ್ಮದಿನಾಂಕ ಎಲ್ಲ ಕಡೆ ಒಂದೇ. ನಾಳೆ ಬೆಳಿಗ್ಗೆ ಪಾಳಿಗೆ ನಿಲ್ಲಿಸಬಹುದಾದವನು ಎಪ್ಪತ್ತರವನು. ಒಂದೂವರೆ ತಿಂಗಳೊಳಗೆ ಕಚೇರಿಗೆ ತಲೆನೋವಾಗುವವನು ನೂರರವನು.

ಏಕೆಂದು ಬಿಡಿಸಿ ನೋಡಬೇಕು. ಪಿಎಫ್ ವಂತಿಗೆಯನ್ನು ಮಾಲೀಕ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. 2021ರಿಂದೀಚೆಗೆ ಆಧಾರ್ ಜೋಡಣೆಯಾಗದ ಯುಎಎನ್‌ಗೆ ವಂತಿಗೆಯ ಚಲನ್ ಹಾಕಲು ಬರುವುದಿಲ್ಲ. ಅಂದರೆ ಪಿಎಫ್ ಖಾತೆಯ ಹೆಸರು ಆಧಾರ್‌ನ ಹೆಸರಿನಂತೆಯೇ ಇರಬೇಕು, ಟೈಮ್ ಆಫೀಸು ಅಂಕಪಟ್ಟಿ ನೋಡಿ ಬರೆದುಕೊಂಡ ಹೆಸರಿನಂತಲ್ಲ. ನಮ್ಮ ಕಡೆ ಒಂದೇ ಕನ್ನಡ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ ಸಾಮಾನ್ಯ. ಅಡ್ಡಹೆಸರು ಒಂದು ಕಾಗದದಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ನಡುವಿನ ತಂದೆಯ ಹೆಸರು ಆಧಾರ್‌ನಲ್ಲಿ ಮಾಯ, ಬ್ಯಾಂಕಿನಲ್ಲಿ ಒಂದೇ ಅಕ್ಷರ. ಮದುವೆಯಾದ ಹೆಣ್ಣುಮಗಳಾದರೆ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಂದಿರುತ್ತದೆ. ಜನ್ಮದಿನಾಂಕದ್ದು ಇನ್ನೂ ತೊಡಕು. 2024ರ ಜನವರಿಯಲ್ಲಿ ಪಿಎಫ್ ಸಂಸ್ಥೆ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟಿತು. ಹಾಗಾಗಿ ಗುರುತಿಗೆ ಆಧಾರ್, ವಯಸ್ಸಿಗೆ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಎಂದು ಎರಡು ಕಾಗದ ಎರಡು ಮಾತಾಡಿದರೆ ಅದನ್ನು ಮೊದಲ ದಿನವೇ ಗುರುತಿಸಬೇಕು. (ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದುಕೊಟ್ಟ ಜೂನ್ 1 ನಮ್ಮಲ್ಲಿ ಎಷ್ಟು ಜನರ ಹುಟ್ಟುಹಬ್ಬವೋ!) ಮೊದಲೇ ಗೊತ್ತಾದರೆ ಶ್ರೀಶೈಲನನ್ನು ಆಧಾರ್ ಕೇಂದ್ರಕ್ಕೆ ಕಳಿಸಿ ತಿದ್ದಿಸಬಹುದು. ಅಲ್ಲೂ ಹೆಸರು ಎರಡು ಸಲ, ಜನ್ಮದಿನಾಂಕ ಒಂದೇ ಸಲ ತಿದ್ದಲು ಅವಕಾಶ. ಆದ್ದರಿಂದ ಯಾವ ಕಾಗದ ಸರಿ, ಯಾವುದು ತಪ್ಪು ಎಂದು ತೀರ್ಮಾನಿಸಿಯೇ ಕಳಿಸಬೇಕು. ಖಾಲಿ ಬಿಟ್ಟ ಫಾರ್ಮ್ 11ರ ಕಥೆಯೂ ಇಷ್ಟೇ. ಹೋದ ಹಂಗಾಮಿನಲ್ಲಿ ಇನ್ನೊಂದು ಕಾರ್ಖಾನೆಯಲ್ಲಿ ದುಡಿದವನಾಗಿದ್ದರೆ ಅವನ ಹಳೆಯ ಯುಎಎನ್ ಮುಂದುವರಿಯಬೇಕು, ಹೊಸದು ಹುಟ್ಟಬಾರದು. ಇಷ್ಟೆಲ್ಲ ಬಾಕಿ ಉಳಿದಿದ್ದರೂ ಹಾಳೆ ಹೇಳುವುದು ನೂರು.

ಹಾಗೆಂದು ಎಲ್ಲ ವ್ಯತ್ಯಾಸವನ್ನೂ ದೋಷವೆಂದು ಹಿಡಿದರೆ ಇನ್ನೊಂದು ಅನಾಹುತ. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದು ಮನೆ ಬದಲಿಸದವನ ಹಳೆಯ ಟಿ.ಸಿ.ಯಲ್ಲಿ ತಾಲ್ಲೂಕು ಜಮಖಂಡಿ, ಜಿಲ್ಲೆ ವಿಜಾಪುರ ಎಂದಿರಬಹುದು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಾದ ಮೇಲಿನ ಕಾಗದದಲ್ಲಿ ಜಿಲ್ಲೆ ಬಾಗಲಕೋಟೆ, ತಾಲ್ಲೂಕು ಜಮಖಂಡಿಯೇ. ರಬಕವಿ-ಬನಹಟ್ಟಿ ಬೇರೆ ತಾಲ್ಲೂಕಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ಅದೂ ಬದಲು. ಮನುಷ್ಯ ಇದ್ದಲ್ಲೇ ಇದ್ದಾನೆ, ಸರಕಾರದ ಗಡಿಗೆರೆ ಓಡಾಡಿದೆ. ಬೀಳಗಿ ಕಡೆ ಇದರ ತಿರುವುಮುರುವು: ಆಲಮಟ್ಟಿಯ ಹಿನ್ನೀರಿಗೆ ಹಳ್ಳಿ ಹೋಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಕುಟುಂಬಗಳಲ್ಲಿ ಊರ ಹೆಸರು ಹಳೆಯದೇ ಇದ್ದರೂ ನೆಲ ಬೇರೆ. ಇವೆರಡನ್ನೂ ‘ವಿಳಾಸ ತಾಳೆಯಾಗಿಲ್ಲ’ ಎಂದು ಕೆಂಪು ಮಾಡುವ ಹಾಳೆ ಪ್ರಾಮಾಣಿಕರನ್ನು ಸುಮ್ಮನೆ ನೋಟರಿಯ ಬಾಗಿಲಿಗೆ ಅಲೆಸುತ್ತದೆ. ಹೆಸರಿನ ಅಕ್ಷರ, ಜನ್ಮದಿನಾಂಕ, ಖಾತೆ ಸಂಖ್ಯೆ ಈ ಮೂರು ಕಟ್ಟುನಿಟ್ಟಾಗಿ ತಾಳೆಯಾಗಬೇಕು. ವಿಳಾಸದಲ್ಲಿ ಈಗಿನ ಪತ್ತೆ ಸಿಕ್ಕರೆ ಸಾಕು. ಈ ವಿವೇಚನೆಯನ್ನು ಹಾಳೆಯ ನಿಯಮವಾಗಿ ಬರೆದಿಡದಿದ್ದರೆ ಅದು ಕಾರಕೂನರ ಆ ದಿನದ ಮನಸ್ಥಿತಿಗೆ ಬಿಟ್ಟದ್ದಾಗುತ್ತದೆ.

ಎರಡನೆಯ ಪ್ರಶ್ನೆ ಕಾಲದ್ದು. ಹತ್ತೂ ಕಾಗದ ಒಂದೇ ದಿನ ಬೇಕು ಎಂಬ ಭಾವನೆಯೇ ತಪ್ಪು. ಬಾಯ್ಲರ್‌ನ ಪ್ರಮಾಣಪತ್ರ ಕೆಲಸಕ್ಕೆ ನಿಲ್ಲುವ ಮುನ್ನ ಬೇಕು, ಒಂದು ಗಂಟೆಯೂ ತಡವಾಗುವಂತಿಲ್ಲ. ಪಾಸ್‌ಬುಕ್ ಮೊದಲ ಪಗಾರದೊಳಗೆ ಬಂದರೆ ಸಾಕು. ತೆರಿಗೆ ಬೀಳದಷ್ಟು ಪಗಾರದವನಿಗೆ ಪ್ಯಾನ್ ಇಲ್ಲದಿದ್ದರೆ ಏನೂ ನಿಲ್ಲುವುದಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯ ಕೆಳಗಿನ ನಿಯಮಗಳು ಫಾರ್ಮ್ ಎಫ್ ಕೇಳಿದ್ದೇ ಒಂದು ವರ್ಷದ ಸೇವೆ ಮುಗಿದ ಮೇಲಿನ 30 ದಿನದೊಳಗೆ. ಅದನ್ನು ಮೊದಲ ದಿನವೇ ತುಂಬಿಸುವುದು ತಪ್ಪಲ್ಲ, ಆದರೆ ಬಾರದಿದ್ದಕ್ಕೆ ಅಂಕ ಕಳೆಯುವುದು ತಪ್ಪು. ಹಾಗಾದರೆ ಕಾಲಂಗಳ ನೆತ್ತಿಯ ಮೇಲೆ, ಒಂದನೆಯ ಸಾಲಿನಲ್ಲಿ, ಸೇರಿದ ದಿನದಿಂದ ಎಷ್ಟು ದಿನದೊಳಗೆ ಬೇಕು ಎಂಬ ಸಂಖ್ಯೆ ಬರೆಯೋಣ: 0, 7, 15, 395. ಪಿಎಫ್‌ಗೆ 15 ಏಕೆಂದರೆ ತಿಂಗಳ 30ಕ್ಕೆ ಸೇರಿದವನಿಗೆ ಉಳಿಯುವುದು ಅಷ್ಟೇ ದಿನ. ಐಟಿಐ ಕಾಲಂನ ಹೆಸರನ್ನು ‘ಹುದ್ದೆಗೆ ಬೇಕಾದ ಅರ್ಹತೆ’ ಎಂದು ಬದಲಿಸಿ, ಹೆಸರಿನ ತಾಳೆ, ಜನ್ಮದಿನಾಂಕದ ತಾಳೆ ಎಂದು ಎರಡು ಕಾಲಂ ಸೇರಿಸಿದರೆ ಒಟ್ಟು ಹನ್ನೆರಡು. ಸೇರಿದ ದಿನಾಂಕ C ಕಾಲಂನಲ್ಲಿದ್ದರೆ ಶೇಕಡಾ ಲೆಕ್ಕದ ಜಾಗಕ್ಕೆ ಇದನ್ನು ಹಾಕಬಹುದು:

```
=COUNTIFS($D$1:$O$1,"<="&(TODAY()-$C3),D3:O3,"<>ಸರಿ",D3:O3,"<>ಅನ್ವಯಿಸದು")
```

ಇದು ಕೊಡುವುದು ಗಡುವು ಬಂದೂ ಇತ್ಯರ್ಥವಾಗದ ಬಾಬ್ತುಗಳ ಸಂಖ್ಯೆ. ಸೊನ್ನೆ ಬಂದರೆ ಇವತ್ತಿಗೆ ಈ ಮನುಷ್ಯನ ಕಡತದಲ್ಲಿ ತಕರಾರಿಲ್ಲ ಎಂದರ್ಥ, ನಾಳೆಯದು ನಾಳೆಗೆ. ಖಾಲಿ ಬಿಟ್ಟ ಮನೆಯೂ ಬಾಕಿಯೆಂದೇ ಲೆಕ್ಕವಾಗುವುದರಿಂದ ಮರೆತದ್ದು ಮುಚ್ಚಿಹೋಗುವುದಿಲ್ಲ. ‘ಬಂದಿದೆ’ ಎಂದು ಬರೆದರೂ ಬಾಕಿಯೇ. ಯಾರಾದರೂ ಓದಿ, ತಾಳೆ ನೋಡಿ ‘ಸರಿ’ ಎಂದ ಮೇಲಷ್ಟೇ ಅದು ಇಳಿಯುತ್ತದೆ. ಅಪಾಯವಿರುವುದು ‘ಅನ್ವಯಿಸದು’ ಎಂಬ ಪದದಲ್ಲಿ, ಅದು ಎಲ್ಲವನ್ನೂ ನುಂಗಬಲ್ಲ ಪದ. ಹಾಳೆಗೆ ಇಎಸ್‌ಐ ಕಾಲಂ ಒಂದನ್ನು ಸೇರಿಸಿದರೆಂದು ಇಟ್ಟುಕೊಳ್ಳಿ: 1948ರ ಇಎಸ್‌ಐ ಕಾಯ್ದೆ ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಆ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗ್ ಜೊತೆಗೆ ಸಕ್ಕರೆ, ಬೆಲ್ಲವೂ ಇದ್ದವು. ಆದರೆ ಅಂಥ ಕೆಲಸವನ್ನಷ್ಟೇ ಮಾಡುವ ಕಾರ್ಖಾನೆ ಎಂಬ ಷರತ್ತು ಅದರೊಳಗಿತ್ತು. ಗಾಣದ ಪಕ್ಕದಲ್ಲೇ ಡಿಸ್ಟಿಲರಿ ನಡೆಯುವ ಕಡೆ ಸಕ್ಕರೆ ಕಾರ್ಖಾನೆ ಎಂಬ ಒಂದೇ ಕಾರಣಕ್ಕೆ ‘ಅನ್ವಯಿಸದು’ ಎಂದು ಬರೆದುಬಿಡುವುದು ಸಲ್ಲ. ಆ ಪದ ಬರೆದ ಪ್ರತಿ ಮನೆಗೆ ಕಾರಣವನ್ನೂ ಬರೆದವರ ಹೆಸರನ್ನೂ ಟಿಪ್ಪಣಿಯಾಗಿ ಸೇರಿಸಬೇಕು.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು, ಮ್ಯಾನೇಜರ್‌ಗೆ ಬೇಕಾದದ್ದು ಒಂದೇ ಸಂಖ್ಯೆ, ಕಾರಕೂನರಿಗೆ ಇಷ್ಟೆಲ್ಲ ತೂಗಿ ನೋಡುವ ಪುರುಸೊತ್ತಿಲ್ಲ ಎಂಬುದು. ಒಂದೇ ಸಂಖ್ಯೆ ಇಲ್ಲೂ ಇದೆ. ಇನ್ನು ತೂಗುವ ಕೆಲಸ ಹೊಸದೇನಲ್ಲ. ಅನುಭವಿ ಟೈಮ್ ಕೀಪರ್ ಯಾರ ಕಾಗದ ತೊಂದರೆ ಕೊಡುತ್ತದೆಂದು ನೋಡಿದೊಡನೆ ಹೇಳಬಲ್ಲ. ಟಿಕ್ ಹಾಕುವ ಹಾಳೆ ಅವನ ಆ ತಿಳಿವಳಿಕೆಗೆ ಜಾಗ ಕೊಡುವುದಿಲ್ಲ, ಅವನು ನಿವೃತ್ತನಾದ ದಿನ ಅದೂ ಗೇಟು ದಾಟುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಇಷ್ಟು ಬಿಗಿ ಮಾಡಿದರೆ ಪೆಟ್ಟು ಬೀಳುವುದು ಓದು ಕಡಿಮೆಯಿದ್ದವರಿಗೆ, ಒಂದು ಅಕ್ಷರಕ್ಕಾಗಿ ಕೆಲಸ ತಪ್ಪುತ್ತದೆ. ಹಾಳೆಯನ್ನು ಗೇಟಿನ ಕೀಲಿಯಾಗಿ ಬಳಸಿದರೆ ಈ ಆಕ್ಷೇಪ ನಿಜ. ಆದರೆ ಸೊನ್ನೆ ದಿನದ ಕಾಲಂಗಳಲ್ಲಿ ಇರಬೇಕಾದದ್ದು ಜೀವಕ್ಕೆ ಸಂಬಂಧಿಸಿದ್ದು ಮಾತ್ರ, ಬಾಯ್ಲರ್‌ನ ಪತ್ರ, ವೈದ್ಯಕೀಯ ಪತ್ರ ಇಂಥವು. ಹೆಸರಿನ ತಾಳೆಗೆ 15 ದಿನವಿದೆ, ಅಷ್ಟರಲ್ಲಿ ಅವನು ಮಸ್ಟರ್‌ನಲ್ಲಿದ್ದು ದುಡಿಯುತ್ತಿರುತ್ತಾನೆ. ಆಕ್ಷೇಪಕರು ಕಾಣದ ಸಂಗತಿ ಇನ್ನೊಂದಿದೆ: ತಾಳೆಯಾಗದ ಹೆಸರನ್ನು ಇಂದು ಉದಾರವಾಗಿ ಬಿಟ್ಟರೆ ಅದರ ಬೆಲೆ ತೆರುವವನು ಅದೇ ಕಾರ್ಮಿಕ, ಕೆಲಸ ಬಿಟ್ಟು ಪಿಎಫ್ ಹಣ ಕೇಳಲು ಹೋದಾಗ. ಅಂದಿಗೆ ಈ ಕಚೇರಿಯ ಸಹಿ, ಮೊಹರು ಎರಡೂ ಬೇಕಾಗಬಹುದು, ಅವನು ಊರಲ್ಲಿರುತ್ತಾನೋ ಇಲ್ಲವೋ.

ಒಂದು ದುರಭ್ಯಾಸದ ಬಗ್ಗೆ ಮಾತ್ರ ಚೌಕಾಸಿ ಇರಬಾರದು. ಟಿಕ್ ಹಾಕುವ ಬದಲು ಆಧಾರ್ ಸಂಖ್ಯೆಯನ್ನೇ ಹಾಳೆಯಲ್ಲಿ ಬರೆದು, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಭಾಗದಿಂದ ವಿಭಾಗಕ್ಕೆ ಕಳಿಸುವುದು. ತಾಳೆಯ ಹಾಳೆಗೆ ಬೇಕಾದದ್ದು ‘ಸರಿ’ ಎಂಬ ಎರಡಕ್ಷರ. ಹನ್ನೆರಡು ಅಂಕಿ ಬೀಗ ಹಾಕಿದ ಕಡತದಲ್ಲಿರಲಿ.

ಈ ಹಂಗಾಮಿಗೆ ಹಾಳೆ ಸಿದ್ಧಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಶೇಕಡಾ ಕಾಲಂ ಅಳಿಸಿ. ಬಾಕಿಯ ಸಂಖ್ಯೆಯ ಪಕ್ಕಕ್ಕೆ ಆ ಬಾಕಿ ಯಾರ ಕೈಯಲ್ಲಿದೆ ಎಂದು ಬರೆಯಲು ಒಂದು ಕಾಲಂ ಇಡಿ: ಕಾರ್ಮಿಕನದೋ, ಬ್ಯಾಂಕಿನದೋ, ಆಧಾರ್ ಕೇಂದ್ರದ್ದೋ, ನಿಮ್ಮದೇ ಮೇಜಿನದೋ.